ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಪತ್ರ

‘ಹಾಯ್ ಸರ್, ನಾನು ಮೆಕ್ಯಾನಿಕಲ್ ಸ್ಟೂಡೆಂಟ್. ನಂಗೆ ಒಂದು ಇಂಟರ್ನ್‌ಶಿಪ್ ಬೇಕಿತ್ತು. ನಿಮ್ ಕಂಪನೀಲಿ ಏನಾದ್ರೂ ಇದ್ಯಾ? ಯಾವ ಡಿಪಾರ್ಟ್‌ಮೆಂಟ್ ಆದ್ರೂ ಪರ್ವಾಗಿಲ್ಲ. ಸ್ಟೈಪೆಂಡ್ ಎಷ್ಟು ಕೊಡ್ತೀರಾ? ಕಾಲೇಜಲ್ಲಿ ಬೇಗ ಲೆಟರ್ ಕೇಳ್ತಿದ್ದಾರೆ, ಇವತ್ತೇ ಹೇಳಿ ಪ್ಲೀಸ್. ಥ್ಯಾಂಕ್ಯೂ.’

ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ 6ನೇ ಸೆಮಿಸ್ಟರ್ ವಿದ್ಯಾರ್ಥಿನಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಮ್ಯಾನೇಜರ್‌ಗೆ ಹೀಗೆ ಬರೆದಿದ್ದಾಳೆ ಎಂದುಕೊಳ್ಳೋಣ. ಇದು ಉದಾಹರಣೆಗಾಗಿ ಕಟ್ಟಿದ ಸಂದೇಶ. ಆದರೆ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್‌ಗೆ ಓಡಾಟ ಶುರುವಾಗುವ ದಿನಗಳಲ್ಲಿ ಮ್ಯಾನೇಜರ್‌ಗಳ ಫೋನಿಗೆ ಬರುವ ಸಂದೇಶಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ವಿ.ಟಿ.ಯು. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಬಿ.ಕಾಂ., ಬಿ.ಬಿ.ಎ. ಓದುವ ಎಷ್ಟೋ ಮಕ್ಕಳಿಗೂ ಈಗ ಅದು ಬೇಕು. ಹಾಗಾಗಿ ಪರಿಚಯವೇ ಇಲ್ಲದ ಒಬ್ಬ ಹಿರಿಯರಿಗೆ ಕೆಲಸದ ವಿಷಯವಾಗಿ ಪತ್ರ ಬರೆಯುವ ಪ್ರಸಂಗ ಬಹಳ ವಿದ್ಯಾರ್ಥಿಗಳಿಗೆ ಬದುಕಿನಲ್ಲಿ ಮೊದಲ ಸಲ ಬರುವುದು ಇಲ್ಲಿಯೇ.

ಈ ಸಂದೇಶ ಬರೆದ ಹುಡುಗಿಯಲ್ಲಿ ಅಗೌರವವೇನೂ ಇಲ್ಲ. ‘ಸರ್’ ಎಂದಿದ್ದಾಳೆ, ‘ಪ್ಲೀಸ್’ ಎಂದಿದ್ದಾಳೆ. ‘ಬೇಕು’ ಎನ್ನದೆ ‘ಬೇಕಿತ್ತು’ ಎಂದಿದ್ದಾಳೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ನಾವು ನಯವಾಗಿ ಕೇಳುವಾಗ ಬಳಸುವುದು ಆ ರೂಪವನ್ನೇ. ಎದುರಿಗೆ ನಿಂತು ಇಷ್ಟೇ ಮಾತನ್ನು ಹೇಳಿದ್ದರೆ ಮುಖ, ದನಿ, ನಿಂತ ರೀತಿ ಉಳಿದದ್ದನ್ನು ತುಂಬಿಕೊಡುತ್ತಿದ್ದವು. ಬರಹದಲ್ಲಿ ಆ ಸಹಾಯ ಸಿಗುವುದಿಲ್ಲ. ಹಾಗಿದ್ದರೂ ಈ ಸಂದೇಶದ ದೊಡ್ಡ ಕೊರತೆ ದನಿಯದಲ್ಲ. ಇದನ್ನು ಓದಿದ ಮ್ಯಾನೇಜರ್‌ಗೆ ಉತ್ತರ ಕೊಡಲು ಮನಸ್ಸಿದ್ದರೂ ಕೊಡಲಾಗುವುದಿಲ್ಲ, ಅದು ದೊಡ್ಡ ಕೊರತೆ. ಯಾವ ಕಾಲೇಜು, ಯಾವಾಗಿನಿಂದ, ಎಷ್ಟು ವಾರ, ಏನು ಕಲಿಯಬೇಕು, ಒಬ್ಬಳೇ ಬರುತ್ತಾಳೋ ಗೆಳತಿಯರ ಜೊತೆಗೋ ಎಂದು ಐದಾರು ಪ್ರಶ್ನೆಗಳನ್ನು ಅವರೇ ತಿರುಗಿ ಕೇಳಬೇಕು. ಕೆಲಸದ ನಡುವೆ ಅಷ್ಟು ಬರೆಯಲು ಪುರುಸೊತ್ತಿಲ್ಲದೆ ಫೋನನ್ನು ಪಕ್ಕಕ್ಕಿಡುತ್ತಾರೆ. ವಿದ್ಯಾರ್ಥಿನಿ ಅದನ್ನು ತಿರಸ್ಕಾರ ಎಂದುಕೊಳ್ಳುತ್ತಾಳೆ.

ಗೌರವದ ಪದ ಸುರಿದರೆ ಸಾಲದು

‘ಸ್ವಲ್ಪ ಮರ್ಯಾದೆಯಿಂದ ಬರೆ’ ಎಂದು ಯಾರಾದರೂ ತಿದ್ದಿದರೆ, ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಮಾದರಿ ನಮ್ಮ ಮಕ್ಕಳ ನೆನಪಿಗೆ ಬರುತ್ತದೆ. ಆಗ ಎರಡನೆಯ ಕರಡು ಹೀಗಾಗುತ್ತದೆ:

‘ಪೂಜ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡುವುದು ನನ್ನ ಬಹುದಿನಗಳ ಕನಸಾಗಿದ್ದು, ದಯಮಾಡಿ ಈ ಬಡ ವಿದ್ಯಾರ್ಥಿನಿಗೆ ಒಂದು ಅವಕಾಶವನ್ನು ಕಲ್ಪಿಸಿಕೊಡಬೇಕಾಗಿ ತಮ್ಮಲ್ಲಿ ಕೋರಿಕೊಳ್ಳುತ್ತೇನೆ. ತಮಗೆ ಸದಾ ಚಿರಋಣಿಯಾಗಿರುತ್ತೇನೆ.’

ಭಾಷೆ ಬದಲಾಯಿತು, ವಿಷಯ ಇದ್ದಲ್ಲೇ ಇದೆ. ಕಾಲೇಜಿನ ಹೆಸರಿಲ್ಲ, ದಿನಾಂಕವಿಲ್ಲ, ವಿಭಾಗವಿಲ್ಲ. ಮೊದಲ ಸಂದೇಶಕ್ಕೆ ಕೇಳಬೇಕಿದ್ದ ಐದಾರು ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು. ಇನ್ನೊಂದು ತೊಂದರೆ ಹೊಸದಾಗಿ ಸೇರಿಕೊಂಡಿದೆ. ‘ಬಹುದಿನಗಳ ಕನಸು’ ಎಂಬ ಮಾತನ್ನು ಓದಿದ ಮ್ಯಾನೇಜರ್‌ಗೆ, ಇದೇ ಪತ್ರ ಇನ್ನೂ ಇಪ್ಪತ್ತು ಕಡೆ ಹೋಗಿರಬಹುದು ಎಂದು ಕೂಡಲೇ ಹೊಳೆಯುತ್ತದೆ. ತಾವು ಏನು ತಯಾರಿಸುತ್ತೇವೆಂಬುದೂ ಗೊತ್ತಿಲ್ಲದವರು ತಮ್ಮನ್ನು ಪ್ರತಿಷ್ಠಿತರೆಂದರೆ ಯಾರಿಗೂ ಖುಷಿಯಾಗುವುದಿಲ್ಲ.

ಇನ್ನು ‘ದಯಮಾಡಿ’, ‘ಬಡ ವಿದ್ಯಾರ್ಥಿನಿ’, ‘ಚಿರಋಣಿ’ಗಳು ಓದುವವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಆ ತಿಂಗಳು ನಿಜವಾಗಿಯೂ ಜಾಗವಿಲ್ಲದಿದ್ದರೆ ‘ಇಲ್ಲ’ ಎಂದವರು ಕಲ್ಲೆದೆಯವರಾಗಬೇಕಾಗುತ್ತದೆ. ಕೇಳಿಸಿಕೊಂಡವರು ಮುಜುಗರವಿಲ್ಲದೆ ‘ಆಗುವುದಿಲ್ಲ’ ಎನ್ನಲು ಜಾಗ ಉಳಿಸುವುದೇ ಸೌಜನ್ಯ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು: ಓದುವವರ ಕೆಲಸವನ್ನು ಕಡಿಮೆ ಮಾಡುವುದು, ನಿರಾಕರಿಸುವ ಸ್ವಾತಂತ್ರ್ಯವನ್ನು ಅವರಿಗೆ ಬಿಡುವುದು. ಈ ಎರಡನ್ನು ಮಾಡಿದ ಪತ್ರದಲ್ಲಿ ಗೌರವದ ಪದಗಳು ಬೆರಳೆಣಿಕೆಯಷ್ಟಿದ್ದರೂ ಸಾಕು.

ಮ್ಯಾನೇಜರ್ ಮೇಜಿನ ಆಚೆ ಬದಿ

ಕೆಲಸ ಕಡಿಮೆ ಮಾಡಬೇಕಾದರೆ ಅವರ ಕೆಲಸವೇನೆಂದು ತಿಳಿದಿರಬೇಕು. ನಮ್ಮ ಉದಾಹರಣೆಯ ಕಾರ್ಖಾನೆ ಪಂಪುಗಳಿಗೆ ಬೇಕಾದ ಶಾಫ್ಟ್‌ಗಳನ್ನು ಸಿ.ಎನ್.ಸಿ. ಯಂತ್ರಗಳಲ್ಲಿ ಕಡೆದು ಕೊಡುತ್ತದೆ ಎನ್ನೋಣ. ಅಂಥ ಸಣ್ಣ ಘಟಕದಲ್ಲಿ ಇಂಟರ್ನ್‌ಶಿಪ್‌ಗೆಂದೇ ಬೇರೆ ವಿಭಾಗ ಇರುವುದಿಲ್ಲ. ಉತ್ಪಾದನೆ ನೋಡುವ ಮ್ಯಾನೇಜರೇ ಇದನ್ನೂ ತೀರ್ಮಾನಿಸಬೇಕು. ವಿದ್ಯಾರ್ಥಿನಿಯನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಅವರ ತಲೆಯಲ್ಲಿ ಓಡುವ ಲೆಕ್ಕಗಳು ಕೆಲವಿವೆ.

ಮೊದಲನೆಯದು, ಯಾರ ಪಕ್ಕದಲ್ಲಿ ಕೂರಿಸುವುದು? ಗುಣಮಟ್ಟ ತಪಾಸಣೆಗೆ ಇರುವವರು ಎರಡು ಮೂರು ಜನ. ಹೊಸಬರಿಗೆ ಹೇಳಿಕೊಡುತ್ತ ಕೂತರೆ ಅವರ ಕೆಲಸ ನಿಧಾನವಾಗುತ್ತದೆ. ಲೆಕ್ಕಪತ್ರದ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಮಾಲು ಕಳಿಸುವ ಗಡಿಬಿಡಿ, ಸ್ಟಾಕ್ ಎಣಿಕೆ ಎರಡೂ ಇರುವುದರಿಂದ ಆಗಂತೂ ಕಷ್ಟ. ಆದ್ದರಿಂದ ಬರುವ ದಿನಾಂಕ ತಿಳಿಯದೆ ಅವರು ಏನನ್ನೂ ಹೇಳಲಾರರು.

ಎರಡನೆಯದು, ಏನಾದರೂ ಅನಾಹುತವಾದರೆ? ಕಾರ್ಮಿಕರಿಗೆ ಇ.ಎಸ್.ಐ. ಮೊದಲಾದ ವ್ಯವಸ್ಥೆ ಇರುತ್ತದೆ. ಕಾಲೇಜಿನಿಂದ ಬಂದ ಹುಡುಗಿ ಸಂಬಳದ ಪಟ್ಟಿಯಲ್ಲಿಲ್ಲ. ಸುತ್ತುತ್ತಿರುವ ಚಕ್, ಹಾರುವ ಲೋಹದ ಚೂರು, ಎಣ್ಣೆ ಬಿದ್ದ ನೆಲ ಇರುವ ಜಾಗದಲ್ಲಿ ಅವಳ ಜವಾಬ್ದಾರಿ ಯಾರದು ಎಂಬುದು ಅವರಿಗೆ ಗಟ್ಟಿಯಾಗಬೇಕು. ಕಾಲೇಜಿನ ಅನುಮತಿ ಪತ್ರ, ವಿದ್ಯಾರ್ಥಿಗೆ ಅಪಘಾತ ವಿಮೆ ಇದೆಯೇ ಎಂಬ ಮಾಹಿತಿ ಇಲ್ಲಿ ಬಹಳ ತೂಕದವು.

ಮೂರನೆಯದು, ಬಂದಿರುವುದು ಯಾವುದಕ್ಕಾಗಿ? 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರುವ ಅಪ್ರೆಂಟಿಸ್‌ಗೆ ಒಪ್ಪಂದ, ನೋಂದಣಿ, ಸ್ಟೈಪೆಂಡ್‌ನ ನಿಯಮಗಳಿವೆ. ಪಠ್ಯಕ್ರಮದ ಭಾಗವಾಗಿ ಕೆಲವು ವಾರ ಬಂದುಹೋಗುವ ಇಂಟರ್ನ್‌ಶಿಪ್ ಬೇರೆ. ‘ಟ್ರೇನಿಂಗ್ ಬೇಕು’ ಎಂದಷ್ಟೇ ಬರೆದರೆ ಅವರಿಗೆ ಎರಡರಲ್ಲಿ ಯಾವುದೆಂದು ತಿಳಿಯದು. ಕಾಗದಪತ್ರದ ತಾಪತ್ರಯ ಬೇಡವೆಂದು ಸುಮ್ಮನಾಗುವ ಸಾಧ್ಯತೆಯೇ ಹೆಚ್ಚು.

ಇಷ್ಟು ಗೊತ್ತಾದ ಮೇಲೆ ‘ಯಾವ ಡಿಪಾರ್ಟ್‌ಮೆಂಟ್ ಆದ್ರೂ ಪರ್ವಾಗಿಲ್ಲ’ ಎಂಬ ಮಾತು ಬೇರೆಯಾಗಿ ಕೇಳಿಸುತ್ತದೆ. ಬರೆದವಳಿಗೆ ಅದು ವಿನಯ, ಎಲ್ಲಿ ಹಾಕಿದರೂ ಕಲಿಯುತ್ತೇನೆ ಎಂಬ ಸಿದ್ಧತೆ. ಓದಿದವರಿಗೆ ಅದು ತಮ್ಮ ಮೇಲೆ ಬಿದ್ದ ಇನ್ನೊಂದು ತೀರ್ಮಾನ. ಒಂದು ವಿಭಾಗವನ್ನು ಹೆಸರಿಸಿ, ‘ಅಲ್ಲಿ ಆಗದಿದ್ದರೆ ಬೇರೆ ವಿಭಾಗವೂ ಆದೀತು’ ಎಂದು ಸೇರಿಸಿದರೆ ವಿನಯವೂ ಉಳಿಯುತ್ತದೆ, ಹೊರೆಯೂ ಇಳಿಯುತ್ತದೆ.

ಕ್ರಿಯಾಪದದ ತುದಿಯಲ್ಲಿ

ಈಗ ಭಾಷೆಗೆ ಬರೋಣ. ಕನ್ನಡದಲ್ಲಿ ಮಾತಿನ ಬಿಗಿ ಸಡಿಲಗಳು ಹೆಚ್ಚಾಗಿ ಕಾಣುವುದು ಕ್ರಿಯಾಪದದ ಕೊನೆಯಲ್ಲಿ. ‘ಇವತ್ತೇ ಹೇಳಿ’ ಎಂಬುದು ಬಹುವಚನದಲ್ಲಿದ್ದರೂ ಆಜ್ಞೆಯೇ. ‘ಪ್ಲೀಸ್’ ಸೇರಿಸಿದರೆ ಅದು ಸ್ವಲ್ಪ ಮೆತ್ತಗಾದ ಆಜ್ಞೆ. ‘ತಿಳಿಸುವಿರಾ?’ ಎಂದರೆ ಪ್ರಶ್ನೆಯಾಗುತ್ತದೆ. ‘ತಿಳಿಸಿದರೆ ಅನುಕೂಲವಾಗುತ್ತದೆ’ ಎಂದಾಗ ಆ ‘-ದರೆ’ ತೀರ್ಮಾನವನ್ನು ಓದುವವರ ಕೈಗೇ ಬಿಡುತ್ತದೆ. ಸರ್ಕಾರಿ ಪತ್ರಗಳಲ್ಲಿ ಕಾಣುವ ‘ತಿಳಿಸಬೇಕಾಗಿ ಕೋರಿದೆ’ ತಪ್ಪೇನಲ್ಲ. ಕಚೇರಿಯಿಂದ ಕಚೇರಿಗೆ ಹೋಗುವ ಮಾತು ಅದು. ಅಪರಿಚಿತರಿಂದ ಸಹಾಯ ಕೇಳುವ ವಿದ್ಯಾರ್ಥಿನಿಯ ಬಾಯಲ್ಲಿ ಗಡುಸಾಗಿ ಕೇಳುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಇದು ವಿಚಾರಣೆ ಎಂಬುದನ್ನು ಮರೆಯದಿರುವುದು. ‘ಅವಕಾಶ ಕೊಡಿ’ ಎಂದರೆ ಅರ್ಜಿ, ‘ಅವಕಾಶವಿದೆಯೇ?’ ಎಂದರೆ ವಿಚಾರಣೆ. ಮೊದಲ ಪತ್ರದಲ್ಲಿ ಕೇಳಬೇಕಾದದ್ದು ಎರಡನೆಯದು. ಅದಕ್ಕೆ ಇದೆ, ಇಲ್ಲ, ಮುಂದಿನ ತಿಂಗಳು ನೋಡೋಣ ಎಂದು ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಯಾರನ್ನಾದರೂ ಸೇರಿಸಿಕೊಳ್ಳುವುದಕ್ಕಿಂತ ಜಾಗವಿದೆಯೋ ಇಲ್ಲವೋ ಹೇಳುವುದು ಯಾವ ಮ್ಯಾನೇಜರ್‌ಗಾದರೂ ಸುಲಭ.

ಸಂಬೋಧನೆಯಲ್ಲಿ ಗೊಂದಲಕ್ಕೆ ಕಾರಣವಿಲ್ಲ. ಓದುವವರು ಗಂಡಸೋ ಹೆಂಗಸೋ ಗೊತ್ತಿಲ್ಲದಿದ್ದರೂ ‘ಮಾನ್ಯರೇ’ ಇಬ್ಬರಿಗೂ ಸಲ್ಲುತ್ತದೆ. ‘ನೀವು’ ಸಾಕಷ್ಟು ಗೌರವದ ಮಾತು; ‘ತಾವು’ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಯಾವುದನ್ನಾದರೂ ಆರಿಸಿಕೊಳ್ಳಬಹುದು, ಆದರೆ ‘ತಮ್ಮ ಸಂಸ್ಥೆ’ ಎಂದು ಶುರುಮಾಡಿ ‘ನಿಮ್ ಕಂಪನಿ’ ಎಂದು ಮುಗಿಸಿದರೆ ಎರಡು ಕಡೆಯಿಂದ ತಂದು ಅಂಟಿಸಿದ್ದು ಎದ್ದು ಕಾಣುತ್ತದೆ. ‘ನಂಗೆ’, ‘ಇದ್ಯಾ’, ‘ಆದ್ರೂ’ಗಳು ‘ನನಗೆ’, ‘ಇದೆಯೇ’, ‘ಆದರೂ’ ಆಗಬೇಕು. ಇಂಟರ್ನ್‌ಶಿಪ್, ಸೆಮಿಸ್ಟರ್, ಡ್ರಾಯಿಂಗ್ ಮೊದಲಾದವನ್ನು ಬಲವಂತವಾಗಿ ಕನ್ನಡಿಸಬೇಕಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಆಡುವ ಮಾತುಗಳು ಅವೇ.

ತಿದ್ದಿದ ಪತ್ರ

ಇಷ್ಟನ್ನೂ ಇಟ್ಟುಕೊಂಡು ವಿದ್ಯಾರ್ಥಿನಿ ಮೂರನೆಯ ಕರಡು ಬರೆಯುತ್ತಾಳೆ. ಜೂನ್ ಮಧ್ಯದಲ್ಲಿ, ಅಂದರೆ ಬೇಕಾದ ದಿನಕ್ಕೆ ಆರು ವಾರ ಮೊದಲೇ, ಇಮೇಲ್‌ನಲ್ಲಿ ಕಳಿಸುತ್ತಾಳೆ.

‘ವಿಷಯ: ಗುಣಮಟ್ಟ ತಪಾಸಣೆ ವಿಭಾಗದಲ್ಲಿ ಆಗಸ್ಟ್ 1ರಿಂದ 4 ವಾರಗಳ ಇಂಟರ್ನ್‌ಶಿಪ್ – ವಿಚಾರಣೆ

ಮಾನ್ಯರೇ, ನಮಸ್ಕಾರ.

ನಾನು ತುಮಕೂರಿನ (ಕಾಲೇಜಿನ ಹೆಸರು) ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ 6ನೇ ಸೆಮಿಸ್ಟರ್ ವಿದ್ಯಾರ್ಥಿನಿ. ನಿಮ್ಮ ಕಾರ್ಖಾನೆಯಲ್ಲಿ ಪಂಪುಗಳ ಶಾಫ್ಟ್ ತಯಾರಾಗುತ್ತದೆ ಎಂದು ಕಳೆದ ವರ್ಷ ನಿಮ್ಮಲ್ಲಿಗೆ ಬಂದಿದ್ದ ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರಿಂದ ತಿಳಿಯಿತು. ನಿಮ್ಮ ವಿಳಾಸವನ್ನು ಕೊಟ್ಟವರೂ ಅವರೇ.

ಆಗಸ್ಟ್ 1ರಿಂದ 28ರವರೆಗೆ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಇಂಟರ್ನ್‌ಶಿಪ್ ಮಾಡಲು ಅವಕಾಶವಿದೆಯೇ ಎಂದು ತಿಳಿಯಲು ಬರೆಯುತ್ತಿದ್ದೇನೆ. ಇದು ನಮ್ಮ ಪಠ್ಯಕ್ರಮದ ಭಾಗ, ಅಪ್ರೆಂಟಿಸ್ ತರಬೇತಿಯಲ್ಲ. ಆ ವಿಭಾಗದಲ್ಲಿ ಆಗದಿದ್ದರೆ ಬೇರೆ ವಿಭಾಗದಲ್ಲಿಯೂ ಕಲಿಯಲು ಸಿದ್ಧಳಿದ್ದೇನೆ.

ಕಾಲೇಜಿನ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್, ಡಯಲ್ ಗೇಜ್ ಬಳಸಿದ್ದೇನೆ. ಡ್ರಾಯಿಂಗ್‌ನಲ್ಲಿರುವ ಅಳತೆ ಮತ್ತು ಟಾಲರೆನ್ಸ್ ಓದಲು ಬರುತ್ತದೆ. ಸಿ.ಎನ್.ಸಿ. ಯಂತ್ರದಲ್ಲಿ ಕೆಲಸ ಮಾಡಿದ ಅನುಭವ ಇಲ್ಲ.

ಕಾಲೇಜಿನ ಅನುಮತಿ ಪತ್ರ ಮತ್ತು ನನ್ನ ಅಪಘಾತ ವಿಮೆಯ ಪ್ರತಿಯನ್ನು ಕೊಡುತ್ತೇನೆ. ಸೇಫ್ಟಿ ಶೂ ನಾನೇ ತರುತ್ತೇನೆ. ಗ್ರಾಹಕರ ಡ್ರಾಯಿಂಗ್‌ಗಳ ಗೋಪ್ಯತೆ ಮತ್ತು ಫೋನ್ ಬಳಕೆಯ ಬಗ್ಗೆ ನಿಮ್ಮ ನಿಯಮಗಳನ್ನು ಪಾಲಿಸುತ್ತೇನೆ.

ಜುಲೈ 10ರೊಳಗೆ ನಾವು ಸಂಸ್ಥೆಯ ಹೆಸರನ್ನು ಕಾಲೇಜಿಗೆ ಕೊಡಬೇಕಿದೆ. ಅದಕ್ಕೆ ಮೊದಲು ಒಂದು ಸಾಲು ತಿಳಿಸಿದರೆ ಅನುಕೂಲವಾಗುತ್ತದೆ. ಈ ಬಾರಿ ಸಾಧ್ಯವಿಲ್ಲದಿದ್ದರೆ ಅದನ್ನು ತಿಳಿಸಿದರೂ ಉಪಕಾರವೇ. ಬೇರೆ ಕಡೆ ವಿಚಾರಿಸುತ್ತೇನೆ.

ವಂದನೆಗಳೊಂದಿಗೆ,
(ಹೆಸರು, ಯು.ಎಸ್.ಎನ್., ಫೋನ್ ಸಂಖ್ಯೆ)’

ಈ ಪತ್ರದಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೂ ಓದುವವರಿಗೆ ಮೊದಲ ಸಂದೇಶಕ್ಕಿಂತ ಎಷ್ಟೋ ಹೆಚ್ಚು ಗೌರವ ಸಿಕ್ಕಿದೆ. ‘ಶಾಫ್ಟ್ ತಯಾರಾಗುತ್ತದೆ’ ಎಂಬ ಒಂದು ಮಾತು, ಇವಳು ವಿಚಾರಿಸಿಕೊಂಡೇ ಬರೆದಿದ್ದಾಳೆ ಎಂದು ತೋರಿಸುತ್ತದೆ. ವಿಳಾಸ ಹೇಗೆ ಸಿಕ್ಕಿತು ಎಂದು ಹೇಳಿದ್ದರಿಂದ ಅಪರಿಚಿತಳ ಪತ್ರಕ್ಕೆ ಒಂದು ನೆಲೆ ಬಂತು. ‘ಸಿ.ಎನ್.ಸಿ. ಅನುಭವ ಇಲ್ಲ’ ಎಂಬ ಸಾಲನ್ನು ಹಲವರು ಅಳಿಸಿಬಿಡುತ್ತಾರೆ, ಅದು ಇರಬೇಕು. ಅದರಿಂದ ಅವಳನ್ನು ಯಂತ್ರದ ಬಳಿ ಒಬ್ಬಳೇ ಬಿಡಬಾರದು ಎಂಬುದು ಮ್ಯಾನೇಜರ್‌ಗೆ ಗೊತ್ತಾಗುತ್ತದೆ. ಜೊತೆಗೆ, ಬರುತ್ತದೆ ಎಂದು ಬರೆದ ಕೌಶಲಗಳ ಮೇಲೂ ನಂಬಿಕೆ ಹುಟ್ಟುತ್ತದೆ. ‘ಇವತ್ತೇ ಹೇಳಿ’ ಹೋಗಿ ಆ ಜಾಗಕ್ಕೆ ಕಾರಣ ಸಹಿತ ದಿನಾಂಕ ಬಂದಿದೆ. ಅವಸರ ಇಬ್ಬರಿಗೂ ಕಾಣುವಂತೆ ಎದುರಿಗಿದೆ, ಒತ್ತಾಯವಿಲ್ಲ.

ವಿಮೆಯ ಸಾಲನ್ನು ಮಾತ್ರ ಕಣ್ಣುಮುಚ್ಚಿ ನಕಲು ಮಾಡಬಾರದು. ವಿಮೆ ಇದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ಮೊದಲು ಕೇಳಿ, ಇದ್ದರೆ ಮಾತ್ರ ಬರೆಯಬೇಕು. ಕೊಡಲಾಗದ ಮಾತು ಪತ್ರದಲ್ಲಿ ಎಷ್ಟು ನಯವಾಗಿದ್ದರೂ ಮೊದಲ ದಿನವೇ ಬಾಗಿಲಲ್ಲಿ ಬಯಲಾಗುತ್ತದೆ. ಜೊತೆಗೆ ಕಳಿಸುವ ರೆಸ್ಯೂಮೆಯ ಫೈಲ್ ಹೆಸರನ್ನೂ ನೋಡಿಕೊಳ್ಳಬೇಕು. `resume_final2.pdf` ಎಂಬ ಹೆಸರಿನ ಫೈಲನ್ನು ನಾಳೆ ಹುಡುಕುವುದು ಅವರಿಗೆ ಕಷ್ಟ. ನಿಮ್ಮ ಹೆಸರು, ವಿಭಾಗ ಇದ್ದರೆ ಸುಲಭ.

ಸಂಸ್ಥೆಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿದ್ದರೆ, ಅಥವಾ ಮ್ಯಾನೇಜರ್‌ಗೆ ಕನ್ನಡ ಓದಲು ಬಾರದಿದ್ದರೆ, ಇದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಯಾರು, ಏನು, ಯಾವಾಗ, ಏನು ಬರುತ್ತದೆ, ಜವಾಬ್ದಾರಿ ಯಾರದು, ಉತ್ತರ ಎಂದೊಳಗೆ ಎಂಬ ಕ್ರಮ ಭಾಷೆ ಬದಲಾದರೂ ಬದಲಾಗುವುದಿಲ್ಲ.

ಸ್ಟೈಪೆಂಡ್ ಕೇಳಬಹುದೇ?

ಮೊದಲ ಸಂದೇಶದಲ್ಲಿದ್ದ ಸ್ಟೈಪೆಂಡ್ ಮೂರನೆಯದರಲ್ಲಿ ಮಾಯವಾಗಿದೆ. ದುಡ್ಡಿನ ಮಾತೆತ್ತುವುದು ಅಸಭ್ಯ ಎಂಬ ಕಾರಣಕ್ಕಲ್ಲ. ಜಾಗವೇ ಇದೆಯೋ ಇಲ್ಲವೋ ತಿಳಿಯುವ ಮೊದಲು ಕೇಳಿದರೆ ಉತ್ತರಿಸಬೇಕಾದ ಪ್ರಶ್ನೆ ಎರಡಾಗುತ್ತದೆ, ಅಷ್ಟೆ. ‘ಬನ್ನಿ’ ಎಂಬ ಉತ್ತರ ಬಂದ ಮೇಲೆ ಕೇಳುವುದು ಸಹಜ. ಆಗ ‘ಎಷ್ಟು ಕೊಡ್ತೀರಾ?’ ಎನ್ನುವ ಬದಲು ‘ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಅಥವಾ ಬಸ್ ಖರ್ಚು ಕೊಡುವ ಪದ್ಧತಿ ನಿಮ್ಮಲ್ಲಿದೆಯೇ?’ ಎಂದು ಕೇಳಬಹುದು. ಪದ್ಧತಿಯನ್ನು ಕೇಳಿದಾಗ ‘ಇಲ್ಲ’ ಎನ್ನಲು ಯಾರಿಗೂ ಸಂಕೋಚವಾಗುವುದಿಲ್ಲ. ಬೆಂಗಳೂರಿನಲ್ಲಿ ಒಂದು ತಿಂಗಳು ಉಳಿಯುವ ಖರ್ಚನ್ನು ಮನೆಯವರು ಭರಿಸಲಾರರು ಎನ್ನುವ ಪರಿಸ್ಥಿತಿ ಇದ್ದರೆ ಮಾತ್ರ ಮೊದಲ ಪತ್ರದಲ್ಲೇ ಹೇಳುವುದು ಒಳ್ಳೆಯದು. ಒಪ್ಪಿಕೊಂಡ ಮೇಲೆ ಹಿಂದೆ ಸರಿದರೆ ಅವರು ಹಾಕಿಕೊಂಡ ಲೆಕ್ಕವೆಲ್ಲ ಕೆಡುತ್ತದೆ.

ಇದಕ್ಕೆ ತಿರುವುಮುರುವಾದ ಸಂಗತಿಯೂ ಉಂಟು. ಎಂಥ ಕೆಲಸ ಕಲಿಸುತ್ತೇವೆಂದು ಹೇಳದೆ, ಸರ್ಟಿಫಿಕೇಟ್‌ಗೆ ಇಷ್ಟು ಹಣ ಕಟ್ಟಿ ಎಂದು ವಿದ್ಯಾರ್ಥಿಯಿಂದಲೇ ಕೇಳುವವರಿದ್ದಾರೆ. ಅಲ್ಲಿ ಸೌಜನ್ಯದ ಪತ್ರ ಬರೆಯುತ್ತ ಕೂರಬೇಕಿಲ್ಲ. ಕಾಲೇಜಿನ ಮೇಷ್ಟ್ರಿಗೆ ತಿಳಿಸಿ ದೂರ ಇರುವುದೇ ಸರಿ.

ವಾಟ್ಸ್ಆ್ಯಪ್‌ನಲ್ಲಿ ಮತ್ತು ಆಮೇಲೆ

ಎಷ್ಟೋ ಸಲ ಸಿಗುವುದು ಫೋನ್ ನಂಬರ್ ಒಂದೇ. ಇಡೀ ಪತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಓದುವುದು ಕಷ್ಟ. ಬರೀ ‘ಹಾಯ್ ಸರ್’ ಎಂದು ಕಳಿಸಿ ಕಾಯುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಯಾರು, ಏಕೆ ಎಂದು ತಿಳಿಯಲು ಅವರೇ ಮೊದಲು ಬರೆಯಬೇಕು. ಮೂರು ಸಾಲು ಸಾಕು: ‘ಮಾನ್ಯರೇ, ನಮಸ್ಕಾರ. ನಾನು ತುಮಕೂರಿನ ಇಂಥ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿನಿ; ಆಗಸ್ಟ್‌ನಲ್ಲಿ 4 ವಾರಗಳ ಇಂಟರ್ನ್‌ಶಿಪ್‌ಗೆ ಅವಕಾಶವಿದೆಯೇ ಎಂದು ಕೇಳಲು ಬರೆದೆ. ವಿವರಗಳನ್ನು ಯಾವ ಇಮೇಲ್‌ಗೆ ಕಳಿಸಲಿ?’ ಆ ‘ಕಳಿಸಲಿ?’ಯಲ್ಲೇ ಅನುಮತಿ ಕೇಳಿದಂತಾಯಿತು.

ಉತ್ತರ ಬರದಿದ್ದರೆ ಒಂದು ವಾರ ಕಾದು, ಅದೇ ಇಮೇಲ್‌ನ ಕೆಳಗೆ ಎರಡು ಸಾಲು ಬರೆಯಬಹುದು: ‘ಕಳೆದ ವಾರ ಬರೆದ ವಿಚಾರಣೆ ನಿಮ್ಮ ಗಮನಕ್ಕೆ ಬಂದಿರಬಹುದು. ಜುಲೈ 10ರೊಳಗೆ ತಿಳಿಸಲು ಸಾಧ್ಯವಾದರೆ ಅನುಕೂಲ.’ ‘ಇನ್ನೂ ಉತ್ತರ ಬಂದಿಲ್ಲ’ ಎಂದು ಶುರುಮಾಡಿದರೆ ಅದು ದೂರಾಗುತ್ತದೆ. ಅದಕ್ಕೂ ಉತ್ತರ ಬರದಿದ್ದರೆ ಮೂರನೆಯ ಸಲ ಬರೆಯದೆ ಬೇರೆ ಕಾರ್ಖಾನೆಗೆ ಬರೆಯಬೇಕು. ಎಷ್ಟು ಚೆನ್ನಾಗಿ ಬರೆದರೂ ಇಲ್ಲದ ಜಾಗ ಹುಟ್ಟುವುದಿಲ್ಲ.

‘ಈ ವರ್ಷ ಆಗುವುದಿಲ್ಲ’ ಎಂದು ಉತ್ತರ ಬಂದಾಗಲೂ ಒಂದು ಸಾಲು ಬರೆಯಬೇಕು: ‘ಸಮಯ ಮಾಡಿಕೊಂಡು ತಿಳಿಸಿದ್ದಕ್ಕೆ ಧನ್ಯವಾದಗಳು.’ ಅಲ್ಲಿಗೆ ಮುಂದಿನ ವರ್ಷ ಕೇಳಲಿರುವ ಕಿರಿಯರಿಗೂ ದಾರಿ ತೆರೆದಿರುತ್ತದೆ. ಬೇರೆ ಕಡೆ ಜಾಗ ಸಿಕ್ಕಿದ ಮೇಲೆ ಇವರಿಂದ ‘ಬನ್ನಿ’ ಎಂದು ಬಂದರೆ, ಆ ದಿನವೇ ತಿಳಿಸಬೇಕು. ಸುಮ್ಮನಿದ್ದರೆ ಅವರು ಒಬ್ಬರಿಗಾಗಿ ಜಾಗ ಕಾದಿಟ್ಟಿರುತ್ತಾರೆ.

ಪತ್ರ ಸರಿಯಾಗಿತ್ತೇ ಎಂದು ತಿಳಿಯಲು ಒಂದು ಅಳತೆಗೋಲಿದೆ: ತಿರುಗಿ ಬರುವ ಪ್ರಶ್ನೆ. ‘ಯಾವ ಕಾಲೇಜು? ಎಷ್ಟು ದಿನ?’ ಎಂದು ಕೇಳಿದರೆ ಪತ್ರದಲ್ಲಿ ಇರಬೇಕಾದದ್ದು ಇರಲಿಲ್ಲ. ‘ಸದ್ಯಕ್ಕೆ ಇಬ್ಬರು ಇದ್ದಾರೆ, ಇನ್ನೊಬ್ಬರಿಗೆ ಜಾಗವಿಲ್ಲ’ ಎಂದರೆ ಅವಕಾಶ ತಪ್ಪಿತು, ಆದರೆ ಪತ್ರ ತನ್ನ ಕೆಲಸ ಮಾಡಿದೆ. ನಿಮ್ಮನ್ನು ಕಾಯಿಸದೆ ಕಾರಣ ಸಹಿತ ಉತ್ತರ ತಂದುಕೊಟ್ಟಿದೆ. ‘ಕಾಲೇಜಿನ ಪತ್ರ ಯಾವಾಗ ತರುತ್ತೀರಿ?’ ಎಂಬ ಪ್ರಶ್ನೆ ಬಂದರೆ, ಅವರು ಒಪ್ಪಿಕೊಂಡಾಗಿದೆ. ಆಗ ಮಾಡಬೇಕಾದದ್ದು ದಿನ, ಹೊತ್ತು ಬರೆದು ತಿಳಿಸಿ, ಹೇಳಿದ ಹೊತ್ತಿಗೆ ಪತ್ರ ಹಿಡಿದುಕೊಂಡು ಹೋಗಿ ನಿಲ್ಲುವುದು.